ಮನೆ ನೋಡಿ ಬಂದ ಮೇಲೆ ಬ್ರೋಕರ್‌ಗೆ ಏನು ಬರೆಯಬೇಕು?

ಭಾನುವಾರ ನಾಲ್ಕು ಫ್ಲ್ಯಾಟ್ ತೋರಿಸಿದ ಬ್ರೋಕರ್ ಸೋಮವಾರ ಬೆಳಗ್ಗೆಯೇ ಫೋನ್ ಮಾಡುತ್ತಾರೆ: "ಏನ್ ಸರ್, ಯಾವುದು ಫೈನಲ್?" ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: "ಮನೇಲಿ ಮಾತಾಡಿ ಹೇಳ್ತೀವಿ." ಆ ಉತ್ತರದಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಮುಂದಿನ ಭಾನುವಾರ ತಮ್ಮ ಕೈಯಲ್ಲಿ ಉಳಿದ ಮನೆಗಳನ್ನೇ ತೋರಿಸುತ್ತಾರೆ. ಅದರಲ್ಲಿ ಕತ್ತಲೆ ಕೋಣೆಯದು ಇನ್ನೊಂದು, ಬಜೆಟ್ ಮೀರಿದ್ದು ಇನ್ನೆರಡು. ಕೊನೆಗೆ "ಆ ಬ್ರೋಕರ್ ಸರಿ ಇಲ್ಲ" ಎಂಬ ತೀರ್ಮಾನ. ಅವರ ತಪ್ಪು ಅರ್ಧ ಮಾತ್ರ.

ಮನೆ ನೋಡಿದ ದಿನ ಸಂಜೆಯೇ ಒಂದು ಮೇಲ್ ಬರೆದರೆ ಈ ಅಲೆದಾಟ ಬಹಳ ಮಟ್ಟಿಗೆ ತಪ್ಪುತ್ತದೆ. ವಾಟ್ಸ್ಆ್ಯಪ್ ಸಾಲದೇ ಎಂದು ಕೇಳಬಹುದು. ಫೋಟೊ, ಲೊಕೇಶನ್‌ಗೆ ಸಾಕು. ಆದರೆ ಬೆಲೆ, ಷರತ್ತು, ಕೇಳಿದ ಕಾಗದಪತ್ರ ಎಲ್ಲವೂ ಹತ್ತಾರು ಸಂದೇಶಗಳಲ್ಲಿ ಚದುರಿದರೆ ಎರಡು ವಾರದ ನಂತರ ಯಾರು ಏನು ಹೇಳಿದರೆಂದು ಹುಡುಕುವುದೇ ಕಷ್ಟ. ಮೇಲ್‌ನಲ್ಲಿ ಎಲ್ಲವೂ ಒಂದೇ ಕಡೆ ಇರುತ್ತದೆ. ಬ್ರೋಕರ್ ಅದನ್ನು ನೋಡದೆ ಬಿಟ್ಟಾರು ಅನ್ನಿಸಿದರೆ "ಮೇಲ್ ಕಳಿಸಿದ್ದೇನೆ" ಎಂದು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಹಾಕಿದರಾಯಿತು.

ಬರೆಯಲು ಕೂರುವ ಮೊದಲು ಒಂದು ಸಂಗತಿ ನೆನಪಿರಲಿ. ಬೆಂಗಳೂರಿನಲ್ಲಿ ಹಳೆಯ ಫ್ಲ್ಯಾಟ್ ಮಾರಾಟವಾಗುವಾಗ ಬ್ರೋಕರ್ ಸಾಮಾನ್ಯವಾಗಿ ಕೊಳ್ಳುವವರಿಂದಲೂ ಮಾರುವವರಿಂದಲೂ ಕಮಿಷನ್ ಪಡೆಯುತ್ತಾರೆ. ಅದು ಬೆಲೆಯ ಶೇಕಡಾವಾರು ಲೆಕ್ಕ. ಇದರಲ್ಲಿ ಮೋಸವೇನಿಲ್ಲ, ವ್ಯವಹಾರ ನಡೆಯುವ ರೀತಿಯೇ ಹಾಗೆ. ಆದರೆ ನೀವು ಬರೆದದ್ದನ್ನು ಮನೆ ಮಾಲೀಕರೂ ಓದುತ್ತಾರೆ ಎಂದುಕೊಂಡೇ ಬರೆಯಬೇಕು. ಮಾಲೀಕರಿಗೆ ತಿಳಿಯಬಾರದ್ದು ಬ್ರೋಕರ್‌ಗೂ ಬೇಡ.

ಒಂದು ಉದಾಹರಣೆ ಹಿಡಿಯೋಣ. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದಾರೆ, ಕನಕಪುರ ರಸ್ತೆಯ ಮೆಟ್ರೊ ಹತ್ತಿರ ಎರಡು ಬೆಡ್‌ರೂಮಿನ ಹಳೆಯ ಫ್ಲ್ಯಾಟ್ ಬೇಕು. ಕೈಯಲ್ಲಿ 34 ಲಕ್ಷ ಇದೆ, ಬ್ಯಾಂಕು ಅವರ ಸಂಬಳಕ್ಕೆ 66 ಲಕ್ಷ ಸಾಲ ಕೊಡಲು ಒಪ್ಪಿದೆ. ಹಾಗಾಗಿ "ನಮ್ಮ ಬಜೆಟ್ ಒಂದು ಕೋಟಿ" ಎಂದು ಬ್ರೋಕರ್‌ಗೆ ಹೇಳಿಬಿಟ್ಟಿದ್ದಾರೆ. ಬ್ರೋಕರ್ ಕಿವಿಗೆ ಇದು "ಒಂದು ಕೋಟಿ ಬೆಲೆಯ ಮನೆ" ಎಂದೇ ಬೀಳುತ್ತದೆ. ತೋರಿಸುವ ಮನೆಗಳೆಲ್ಲ 95 ಲಕ್ಷದಿಂದ ಮೇಲಕ್ಕೆ.

ನಿಜವಾಗಿ ಅವರಿಗೆ ದಕ್ಕುವ ಬೆಲೆ ಎಷ್ಟು? ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6. ಬ್ರೋಕರ್ ಕಮಿಷನ್ ಶೇ 1 ಎಂದು ಮಾತಾಗಿದ್ದರೆ ಜಿಎಸ್‌ಟಿ ಸೇರಿ ಶೇ 1.18. ವಕೀಲರ ಫೀಸು, ಬ್ಯಾಂಕಿನ ಖರ್ಚು, ಸುಣ್ಣಬಣ್ಣ, ಸಾಗಾಟಕ್ಕೆಂದು ಎರಡೂವರೆ ಲಕ್ಷ ತೆಗೆದಿಟ್ಟರೆ, ಒಂದು ಕೋಟಿಯಲ್ಲಿ ಮನೆಯ ಬೆಲೆಗೆ ಉಳಿಯುವುದು ಸುಮಾರು 89.5 ಲಕ್ಷ. ಅಂದರೆ ಹತ್ತು ಲಕ್ಷಕ್ಕೂ ಮಿಕ್ಕಿ ಹಣ ಮಾಲೀಕರ ಕೈಗೆ ಹೋಗುವುದೇ ಇಲ್ಲ.

ಈ ಹತ್ತು ಲಕ್ಷ ಕೈಯಿಂದಲೇ ಹೋಗಬೇಕು ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ 80 ಮೀರುವಂತಿಲ್ಲ, 75 ಲಕ್ಷ ದಾಟಿದರೆ ಶೇ 75. ಆ ಮೌಲ್ಯದಲ್ಲಿ ಮುದ್ರಾಂಕ, ನೋಂದಣಿ ಶುಲ್ಕಗಳನ್ನು ಸೇರಿಸುವ ಹಾಗಿಲ್ಲ. ಬ್ಯಾಂಕಿನ ಮೌಲ್ಯಮಾಪಕರು ಒಪ್ಪಂದದ ಬೆಲೆಗಿಂತ ಕಡಿಮೆ ಕಟ್ಟಿದರೆ ಸಾಲದ ಲೆಕ್ಕ ಆ ಕಡಿಮೆ ಬೆಲೆಯ ಮೇಲೆ.

ಇಲ್ಲೇ ಮೇಲ್‌ನಲ್ಲಿ ಇರಲೇಬೇಕಾದ ಇನ್ನೊಂದು ಸಾಲು ಬರುತ್ತದೆ: ಪೂರ್ತಿ ಬೆಲೆ ಬ್ಯಾಂಕ್ ಮೂಲಕವೇ, ಪೂರ್ತಿ ಬೆಲೆಗೇ ನೋಂದಣಿ. ಕೆಲವು ಮಾಲೀಕರು 88 ಲಕ್ಷದ ಮನೆಯನ್ನು 70 ಲಕ್ಷಕ್ಕೆ ನೋಂದಾಯಿಸಿ ಉಳಿದದ್ದನ್ನು ನಗದು ಕೇಳುತ್ತಾರೆ. ಮುದ್ರಾಂಕ ಶುಲ್ಕ ಉಳಿಯುತ್ತದೆ ಎಂಬ ಆಮಿಷ ಬೇರೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ಮುಂಗಡ ಪಡೆಯುವುದು ಆದಾಯ ತೆರಿಗೆ ಕಾನೂನಿನ ಪ್ರಕಾರ ನಿಷಿದ್ಧ. ಕಾನೂನು ಬದಿಗಿಟ್ಟು ಲೆಕ್ಕವನ್ನೇ ನೋಡಿ. 70 ಲಕ್ಷದ ಶೇ 80 ಅಂದರೆ ಬ್ಯಾಂಕು ಕೊಡುವುದು 56 ಲಕ್ಷ. ಉಳಿದ 32 ಲಕ್ಷ, ಮೇಲೆ ಶುಲ್ಕ, ಕಮಿಷನ್, ಇತರ ಖರ್ಚು ಎಲ್ಲ ಸೇರಿ ಸುಮಾರು 41 ಲಕ್ಷ ಕೈಯಿಂದ ಹಾಕಬೇಕು. ಈ ದಂಪತಿಯ ಬಳಿ ಇರುವುದು 34. ಹೀಗಾಗಿ ನಗದು ಕೇಳುವ ಮನೆ ಅವರಿಗೆ ಎಷ್ಟೇ ಅಗ್ಗವಾಗಿ ಕಂಡರೂ ಎಟುಕದು. ಮೊದಲೇ ಬರೆದುಬಿಟ್ಟರೆ ಅಂಥ ಮನೆಗಳು ಪಟ್ಟಿಗೇ ಬರುವುದಿಲ್ಲ.

ಹಾಗಾದರೆ 89.5 ಲಕ್ಷ ಎಂದು ಬರೆಯಬೇಕೇ? ಬೇಡ. ಅದು ನಿಮ್ಮ ಕೊನೆಯ ಗೆರೆ, ಅದು ನಿಮ್ಮಲ್ಲೇ ಇರಲಿ. ಮಾತುಕತೆಗೆ ಜಾಗ ಬಿಟ್ಟು 87 ಎನ್ನಿ. ಮಂಜೂರಾದ ಸಾಲದ ಮೊತ್ತವನ್ನೂ ಬರೆಯಬೇಡಿ, "ತಾತ್ವಿಕ ಮಂಜೂರಾತಿ ಇದೆ" ಎಂದರೆ ಸಾಕು. ವ್ಯವಹಾರ ಬೇಗ ಮುಗಿಯುತ್ತದೆ ಎಂಬ ಭರವಸೆ ಮಾಲೀಕರಿಗೆ ಅಷ್ಟರಲ್ಲೇ ಸಿಗುತ್ತದೆ.

ಇನ್ನು ಬೇಡವಾದ ಮನೆಗಳ ವಿಷಯ. "ಇಷ್ಟ ಆಗಲಿಲ್ಲ" ಎಂದರೆ ಬ್ರೋಕರ್‌ಗೆ ಉಪಯೋಗವಿಲ್ಲ. ಬದಲಾಯಿಸಲಾಗದ ದೋಷ ಯಾವುದು, ಹಣ ಹಾಕಿ ಸರಿಮಾಡಬಹುದಾದ ದೋಷ ಯಾವುದು ಎಂದು ಬೇರ್ಪಡಿಸಿ ಹೇಳಬೇಕು. ಮಾಸಿದ ಬಣ್ಣ, ಹಳೆಯ ಅಡುಗೆಮನೆ ಕಟ್ಟೆ, ಒಡೆದ ಟೈಲ್ಸ್ ಎಲ್ಲ ಬೆಲೆ ಇಳಿಸಲು ಕಾರಣಗಳು. ಪಕ್ಕದ ಕಟ್ಟಡ ಕಿಟಕಿಗೆ ಮೂರಡಿ ದೂರದಲ್ಲಿದ್ದರೆ, ಖಾತೆ ಸರಿ ಇಲ್ಲದಿದ್ದರೆ ಅವು ಮನೆಯನ್ನು ಕೈಬಿಡಲು ಕಾರಣಗಳು. ಇವನ್ನು ಬರೆದರೆ ಆ ಜಾತಿಯ ಮನೆಗಳನ್ನು ಬ್ರೋಕರ್ ಮತ್ತೆ ತೋರಿಸುವುದಿಲ್ಲ, ತೋರಿಸಿದರೆ ಕೇಳುವ ಹಕ್ಕು ನಿಮಗಿರುತ್ತದೆ.

ಆ ದಂಪತಿ ಬರೆಯಬಹುದಾದ ಮೇಲ್ ಹೀಗಿರಬಹುದು.

"ವಿಷಯ: ಕನಕಪುರ ರಸ್ತೆ 2 ಬಿಎಚ್‌ಕೆ, ಭಾನುವಾರ ನೋಡಿದ ನಾಲ್ಕು ಮನೆಗಳು

ಸರ್, ನಮಸ್ಕಾರ. ಬಿಡುವು ಮಾಡಿಕೊಂಡು ಮನೆಗಳನ್ನು ತೋರಿಸಿದ್ದಕ್ಕೆ ಧನ್ಯವಾದ. ಮನೆಯಲ್ಲಿ ಮಾತಾಡಿದೆವು. ಎರಡು ಮನೆ ಉಳಿಸಿಕೊಂಡಿದ್ದೇವೆ, ಎರಡು ಬೇಡ.

ಮೊದಲ ಆಯ್ಕೆ ಕೋಣನಕುಂಟೆ ಕ್ರಾಸ್ ಬಳಿಯ ಮೂರನೇ ಮಹಡಿಯ ಮನೆ. ಬೆಳಕು, ಕಾವೇರಿ ನೀರು, ಮೆಟ್ರೊಗೆ ನಡೆದು ಹೋಗುವಷ್ಟು ದೂರ, ಮೂರೂ ನಮಗೆ ಹಿಡಿಸಿವೆ. ಮಾಲೀಕರು 94 ಲಕ್ಷ ಹೇಳಿದ್ದಾರೆ. ನಾವು 87 ಲಕ್ಷದವರೆಗೆ ಮಾತಾಡಬಹುದು. ಅವರು ಅದರ ಹತ್ತಿರಕ್ಕೆ ಬರುವಂತಿದ್ದರೆ ಮಾತ್ರ ಎರಡನೇ ಸಲ ನೋಡಲು ಬರುತ್ತೇವೆ.

ಎರಡನೆಯದು ವಾಜರಹಳ್ಳಿಯದು, 86 ಲಕ್ಷ ಹೇಳಿದ್ದು. ಕೋಣೆಗಳು ಚೆನ್ನಾಗಿವೆ. ಆದರೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಎಂದು ವಾಚ್‌ಮನ್ ಹೇಳಿದರು, ಅಡುಗೆಮನೆ ಮತ್ತು ಬಾತ್‌ರೂಮ್ ಹೊಸದಾಗಿ ಮಾಡಿಸಬೇಕು. ಈ ಖರ್ಚು ನೋಡಿದರೆ ನಮಗೆ ಇದರ ಬೆಲೆ 81 ಲಕ್ಷ.

ಉತ್ತರಹಳ್ಳಿಯ ಮನೆ ಬಿ ಖಾತೆಯದಾದ್ದರಿಂದ ನಮ್ಮ ಬ್ಯಾಂಕು ಸಾಲ ಕೊಡುವುದಿಲ್ಲ. ತಲಘಟ್ಟಪುರದ ಮನೆಯ ಎರಡೂ ಬೆಡ್‌ರೂಮಿಗೆ ಹಗಲಲ್ಲೂ ದೀಪ ಬೇಕು. ಈ ರೀತಿಯ ಮನೆಗಳನ್ನು ಮುಂದೆ ಬಿಟ್ಟುಬಿಡಿ.

ಹೊಸದಾಗಿ ತೋರಿಸುವುದಾದರೆ ಮುದ್ರಾಂಕ, ನೋಂದಣಿ, ನಿಮ್ಮ ಕಮಿಷನ್, ರಿಪೇರಿ ಎಲ್ಲ ಸೇರಿ 97 ಲಕ್ಷದೊಳಗೆ ಮುಗಿಯುವಂಥದ್ದಿರಲಿ. ಹಣವೆಲ್ಲ ಬ್ಯಾಂಕ್ ಮೂಲಕ, ಪೂರ್ತಿ ಬೆಲೆಗೆ ನೋಂದಣಿ. ಸಾಲಕ್ಕೆ ತಾತ್ವಿಕ ಮಂಜೂರಾತಿ ಇದೆ.

ಉಳಿಸಿಕೊಂಡ ಎರಡೂ ಮನೆಗಳ ಕ್ರಯಪತ್ರ, ಇ-ಖಾತೆ, ಇಸಿ, ಓಸಿ, ತೆರಿಗೆ ರಸೀದಿಗಳ ಪ್ರತಿ ಕಳಿಸಿ. ಇದು ಖರೀದಿಯ ಒಪ್ಪಿಗೆಯಲ್ಲ. ಕಾಗದಪತ್ರ ವಕೀಲರು ನೋಡಿ, ಸಾಲ ಖಚಿತವಾದ ಮೇಲೆ ತೀರ್ಮಾನ ಹೇಳುತ್ತೇವೆ. ಗುರುವಾರದೊಳಗೆ ಉತ್ತರ ಸಿಕ್ಕರೆ ಅನುಕೂಲ."

ಈ ಮೇಲ್‌ನಲ್ಲಿ ಗಮನಿಸಬೇಕಾದದ್ದು ವಾಜರಹಳ್ಳಿಯ 81 ಲಕ್ಷ. ಮೇಲಿನ ಪ್ಯಾರಾದಲ್ಲೇ 87 ಲಕ್ಷ ಕೊಡುವ ಶಕ್ತಿ ಇದೆ ಎಂದು ಹೇಳಿಯಾಗಿದೆ, 86ಕ್ಕೆ ಏಕೆ ಚೌಕಾಸಿ ಎಂದು ಮಾಲೀಕರು ಕೇಳಬಹುದು. ಅದಕ್ಕೇ ಅಲ್ಲಿ ಬಜೆಟ್ ಮಾತು ಎತ್ತದೆ ನೀರು, ರಿಪೇರಿಯ ಕಾರಣ ಕೊಟ್ಟಿದೆ. ಪ್ರತಿ ಮನೆಗೂ ಅದರದೇ ಬೆಲೆ, ಅದರದೇ ಕಾರಣ. ಇನ್ನೂ ಬಿಗಿಯಾಗಿ ಇರಬೇಕೆಂದರೆ ಎರಡು ಮನೆಗೆ ಎರಡು ಮೇಲ್ ಬರೆಯಿರಿ. ನನ್ನ ಮಟ್ಟಿಗೆ ಅದೇ ಒಳ್ಳೆಯದು.

ಇ-ಖಾತೆಯನ್ನು ಸುಮ್ಮನೆ ಕೇಳಿದ್ದಲ್ಲ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿ ನಡೆಯುವುದಿಲ್ಲ. ಮಾಲೀಕರು ಇನ್ನೂ ಮಾಡಿಸಿಲ್ಲ ಎಂದರೆ ವ್ಯವಹಾರ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ, ನಿಮ್ಮ ಬಾಡಿಗೆ ಮನೆಗೆ ನೋಟಿಸ್ ಕೊಡುವ ಮೊದಲು ಅದು ಗೊತ್ತಿರಬೇಕು.

ಉತ್ತರವಾಗಿ ಫೋನ್ ಬರುವುದು ಖಂಡಿತ. "ಸರ್, ಇನ್ನೊಂದ್ ಮೂರು ಲಕ್ಷ ನೋಡಿ, ಬೇರೆ ಪಾರ್ಟಿ ರೆಡಿ ಇದ್ದಾರೆ." ಬೇರೆ ಪಾರ್ಟಿ ನಿಜಕ್ಕೂ ಇರಬಹುದು, ಇಲ್ಲದಿರಬಹುದು. ಫೋನಿನಲ್ಲಿ ಅಂಕಿ ಏರಿಸಬೇಡಿ. "ಮಾಲೀಕರ ಕೊನೆ ರೇಟ್ ಎಷ್ಟು ಅಂತ ಮೇಲ್ ಹಾಕಿ, ನೋಡಿ ಹೇಳ್ತೀವಿ" ಎನ್ನಿ. ಏರಿಸುವುದಾದರೂ ಆ ಅಂಕಿ ಬಂದ ಮೇಲೆ, ಅದಕ್ಕೆ ಬದಲಾಗಿ ಏನಾದರೂ ಪಡೆದು. ವಾರ್ಡ್‌ರೋಬ್, ಗೀಸರ್ ಬಿಟ್ಟುಹೋಗಲಿ, ಅಸೋಸಿಯೇಷನ್ನಿನ ಬಾಕಿ ಅವರೇ ಕಟ್ಟಲಿ.

ಅದರ ಬೆನ್ನಿಗೇ ಬರುವುದು ಟೋಕನ್ನಿನ ಒತ್ತಾಯ. "ಒಂದು ಲಕ್ಷ ಹಾಕಿಬಿಡಿ, ಮನೆ ಲಾಕ್ ಮಾಡ್ತೀನಿ" ಎನ್ನುತ್ತಾರೆ. ಕಾಗದ ನೋಡುವ ಮುಂಚೆ ಕೊಟ್ಟ ಟೋಕನ್, ವ್ಯವಹಾರ ಮುರಿದಾಗ ವಾಪಸ್ ಬರುವುದು ಬಹುಮಟ್ಟಿಗೆ ಮಾಲೀಕರ ಮರ್ಜಿಯ ಮೇಲೆ. ಕೊಡಲೇಬೇಕಾದ ಸಂದರ್ಭ ಬಂದರೆ ಬ್ರೋಕರ್ ಖಾತೆಗೆ ಹಾಕಬೇಡಿ, ಮಾಲೀಕರ ಖಾತೆಗೇ ಹಾಕಿ. ಸಾಲ ಸಿಗದಿದ್ದರೆ ಅಥವಾ ಕಾಗದಪತ್ರದಲ್ಲಿ ದೋಷ ಕಂಡರೆ ಪೂರ್ತಿ ಹಣ ಇಷ್ಟು ದಿನದೊಳಗೆ ವಾಪಸ್ ಎಂಬ ಸಾಲನ್ನು ರಸೀದಿಯಲ್ಲಿ ಬರೆಸಿ, ಮಾಲೀಕರ ಸಹಿ ಹಾಕಿಸಿಕೊಂಡ ಮೇಲೆಯೇ ಕೊಡಿ.