ನೆಲದ ಕಂಪನ (ಉಕ್ಕಿನ ಕಟ್ಟಡ)

ಕಟ್ಟಡದ ಮಹಡಿಯ ಮೇಲೆ ಜನರು ನಡೆದಾಗ ಅದರ ನೆಲವು ಮೇಲೆ ಕೆಳಗೆ ಅದುರುವುದನ್ನು ನೆಲದ ಕಂಪನ ಎನ್ನುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಉಪ್ಪರಿಗೆಯ ಹಲಗೆಗಳನ್ನು ಮರದ ಜಂತೆಗಳು ಹೊರುತ್ತವೆ. ಜಂತೆಗಳನ್ನು ತೊಲೆಗಳು ಹೊರುತ್ತವೆ. ಇಂದಿನ ಹಗುರವಾದ ಉಕ್ಕಿನ ಕಚೇರಿ ಕಟ್ಟಡಗಳ ರಚನೆಯೂ ಇದೇ ಬಗೆಯದು. ಹಲಗೆಯ ಬದಲು ಅಲೆಯಾಕಾರದ ಉಕ್ಕಿನ ತಗಡಿನ ಮೇಲೆ ತೆಳುವಾದ ಕಾಂಕ್ರೀಟು ಹಾಸು ಇರುತ್ತದೆ. ಇಂತಹ ನೆಲವು ಭಾರ ಹೊರಲು ಸಮರ್ಥವಾಗಿದ್ದರೂ ಅಲ್ಲಿ ಕುಳಿತವರಿಗೆ ಅದುರಿಕೆಯಿಂದ ಕಿರಿಕಿರಿಯಾಗಬಹುದು.

## ಕಾರಣ

ಮನುಷ್ಯನು ಸೆಕೆಂಡಿಗೆ ಸುಮಾರು 1.6ರಿಂದ 2.4 ಹೆಜ್ಜೆ ಇಡುತ್ತಾನೆ. ಹೆಜ್ಜೆಯ ಬಲದಲ್ಲಿ ಈ ಮೂಲ ಆವರ್ತನದ ಜೊತೆಗೆ ಅದರ ಎರಡರಷ್ಟು ಮತ್ತು ಮೂರರಷ್ಟು ಆವರ್ತನದ ಅಂಶಗಳೂ ಇರುತ್ತವೆ. ನೆಲದ ಸಹಜ ಆವರ್ತನವು ಇವುಗಳಲ್ಲೊಂದಕ್ಕೆ ಸರಿಹೊಂದಿದರೆ ಅನುರಣನ ಉಂಟಾಗಿ ಕಂಪನ ಬೆಳೆಯುತ್ತದೆ. ಲಂಬವಾದ ಕಂಪನದಲ್ಲಿ 4ರಿಂದ 8 ಹರ್ಟ್ಜ್‌ನ ವ್ಯಾಪ್ತಿಯೇ ಮಾನವ ಶರೀರಕ್ಕೆ ಹೆಚ್ಚು ತಿಳಿಯುತ್ತದೆ.

## ಸಹಜ ಆವರ್ತನದ ಲೆಕ್ಕ

ಸರಳ ಅಂದಾಜಿಗೆ ಈ ಸೂತ್ರವನ್ನು ಬಳಸುತ್ತಾರೆ:

f = 18/√δ

ಇಲ್ಲಿ f ಹರ್ಟ್ಜ್‌ನಲ್ಲಿ ಸಹಜ ಆವರ್ತನ. δ ಎಂಬುದು ನೆಲದ ಸ್ವಂತ ತೂಕ ಮತ್ತು ಅದರ ಮೇಲೆ ಸದಾ ಇರುವ ಭಾರದಿಂದ ಉಂಟಾಗುವ ಬಾಗು, ಮಿಲಿಮೀಟರಿನಲ್ಲಿ. ಕಾಂಕ್ರೀಟು ಹಾಸು ಮತ್ತು ಉಕ್ಕು ಒಂದಾಗಿ ವರ್ತಿಸುತ್ತವೆಂದು ಇಟ್ಟುಕೊಂಡು ಬಾಗನ್ನು ಲೆಕ್ಕಿಸಬೇಕು.

## ಉದಾಹರಣೆ

8 ಮೀಟರ್ ಉದ್ದದ ಜಂತೆಗಳನ್ನು 2.5 ಮೀಟರ್ ಅಂತರದಲ್ಲಿ ಇಟ್ಟ ಕಚೇರಿಯೊಂದನ್ನು ಊಹಿಸೋಣ. ಜಂತೆಯ ಬಾಗು 8.5 ಮಿ.ಮೀ. ಆದರೆ f ಸುಮಾರು 6.2 ಹರ್ಟ್ಜ್. ಆದರೆ ಜಂತೆಯನ್ನು ಹೊತ್ತ ತೊಲೆಯೂ 3 ಮಿ.ಮೀ. ಬಾಗುತ್ತದೆ. ಎರಡನ್ನೂ ಕೂಡಿಸಿದ 11.5 ಮಿ.ಮೀ.ಗೆ f 5.3 ಹರ್ಟ್ಜ್‌ಗೆ ಇಳಿಯುತ್ತದೆ. ಸೆಕೆಂಡಿಗೆ 1.8 ಹೆಜ್ಜೆ ಇಡುವವನ ಮೂರರಷ್ಟು ಆವರ್ತನ 5.4, ಎಂದರೆ ಅವನ ಸಾಮಾನ್ಯ ನಡಿಗೆಯೇ ಈ ನೆಲವನ್ನು ಅನುರಣನಕ್ಕೆ ತರುತ್ತದೆ. ಜಂತೆಯನ್ನು ಮಾತ್ರ ಪರಿಶೀಲಿಸಿದ್ದರೆ ಇದು ಗೋಚರಿಸುತ್ತಿರಲಿಲ್ಲ.

ಬಾಗಿನ ಮಿತಿಯನ್ನು ಪಾಲಿಸಿದ ಮಾತ್ರಕ್ಕೆ ಕಂಪನದ ತೊಂದರೆ ತಪ್ಪುವುದಿಲ್ಲ. ಭಾರತೀಯ ಮಾನಕ ಐಎಸ್ 800:2007 ತನ್ನ ಅನುಬಂಧವೊಂದರಲ್ಲಿ ನೆಲದ ಕಂಪನವನ್ನು ಪ್ರತ್ಯೇಕವಾಗಿಯೇ ಪರಿಗಣಿಸಿದೆ.

## ಪರೀಕ್ಷೆ ಮತ್ತು ಪರಿಹಾರ

ಕಟ್ಟಿದ ನೆಲದ ನಡುವೆ ಒಬ್ಬರು ತುದಿಗಾಲಲ್ಲಿ ನಿಂತು ಹಿಮ್ಮಡಿಗಳನ್ನು ಒಮ್ಮೆಲೇ ಕೆಳಗೆ ಬಿಡುತ್ತಾರೆ. ಕಂಪನಮಾಪಕವು ಅದುರಿಕೆಯನ್ನು ದಾಖಲಿಸುತ್ತದೆ. ಒಂದೂವರೆ ಸೆಕೆಂಡಿನಲ್ಲಿ 8 ಏರಿಳಿತಗಳಾದರೆ ಆವರ್ತನ 5.3 ಹರ್ಟ್ಜ್. ಏರಿಳಿತಗಳು ಎಷ್ಟು ಬೇಗ ಕುಗ್ಗುತ್ತವೆ ಎಂಬುದರಿಂದ ಅವಮಂದನವು ತಿಳಿಯುತ್ತದೆ.

ಒಂದೇ ಹೊರೆಗೆ ಬಾಗು ಉದ್ದದ ನಾಲ್ಕನೆಯ ಘಾತದಂತೆ ಬದಲಾಗುವುದರಿಂದ ಜಂತೆಯ ಉದ್ದವನ್ನು 6.5 ಮೀಟರಿಗೆ ತಗ್ಗಿಸಿದರೆ ಅದರ ಬಾಗು 3.7 ಮಿ.ಮೀ.ಗೆ ಇಳಿಯುತ್ತದೆ. ಕಟ್ಟಿಯಾದ ಮೇಲೆ ಇದು ಕಷ್ಟ. ಆಗ ಕೆಳ ಅಂತಸ್ತಿನಲ್ಲಿ ಕಂಬ ನಿಲ್ಲಿಸುವುದು ಅಥವಾ ನೆಲದ ಮೇಲೆ ಪೂರ್ಣ ಎತ್ತರದ ಅಡ್ಡಗೋಡೆಗಳನ್ನು ಕಟ್ಟಿ ಅವಮಂದನವನ್ನು ಹೆಚ್ಚಿಸುವುದು ರೂಢಿ.

## ಮಿತಿ

ಸಹಜ ಆವರ್ತನವೊಂದರಿಂದಲೇ ತೀರ್ಮಾನಿಸಲಾಗದು. ದಪ್ಪ ಕಾಂಕ್ರೀಟಿನ ತೂಕ ಆವರ್ತನವನ್ನು ಇಳಿಸಬಹುದು, ಆದರೂ ಭಾರವಾದ ನೆಲವನ್ನು ಹೆಜ್ಜೆಯು ಕಡಿಮೆ ಅಲುಗಿಸುತ್ತದೆ. ಆದುದರಿಂದ ಕೊನೆಗೆ ವೇಗೋತ್ಕರ್ಷವನ್ನು ಲೆಕ್ಕಿಸುತ್ತಾರೆ; ಅಮೆರಿಕದ ಉಕ್ಕು ನಿರ್ಮಾಣ ಕೈಪಿಡಿಯಲ್ಲಿ ಕಚೇರಿಗಳಿಗೆ ಗುರುತ್ವ ವೇಗೋತ್ಕರ್ಷದ ಶೇ. 0.5 ಗರಿಷ್ಠ ಮಿತಿಯಾಗಿದೆ.