ಖಾಲಿ ಮರದ ಎತ್ತರ ಎಷ್ಟು?

ಆರು ಪದಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಕೊಡೋಣ: ನದಿ, ಕಡಲು, ಮಳೆ, ಅಡಕೆ, ಗಾಳಿ, ಚಂದ್ರ. ಬೇಕೆಂದಾಗ ಬೇಗ ಹುಡುಕುವುದಕ್ಕೆ ಅದು ಇವನ್ನು ಮರದ ರೂಪದಲ್ಲಿ ಇಟ್ಟುಕೊಳ್ಳಬಹುದು. ಮೊದಲು ಬಂದ ಪದ ಬೇರು. ಆಮೇಲೆ ಬಂದದ್ದು ನಿಘಂಟಿನ ಕ್ರಮದಲ್ಲಿ ಮುಂಚಿನದಾದರೆ ಎಡಕ್ಕೆ ಹೋಗುತ್ತದೆ, ನಂತರದ್ದಾದರೆ ಬಲಕ್ಕೆ. ಆ ಜಾಗ ಆಗಲೇ ತುಂಬಿದ್ದರೆ ಅಲ್ಲಿರುವ ಪದದೊಂದಿಗೆ ಮತ್ತೆ ಇದೇ ಹೋಲಿಕೆ. ಹೀಗೆ ಬೆಳೆಯುವ ಮರ ಬೇರು ಮೇಲಾಗಿ ನಿಂತಿರುತ್ತದೆ:

```
         ನದಿ
        /    \
     ಕಡಲು    ಮಳೆ
     /   \
  ಅಡಕೆ   ಗಾಳಿ
             \
            ಚಂದ್ರ
```

ಪದ ಕೂತಿರುವ ಒಂದೊಂದು ಜಾಗವನ್ನೂ ನೋಡ್ ಎನ್ನುತ್ತಾರೆ. ಕೆಳಗೆ ಮಕ್ಕಳಿಲ್ಲದ ನೋಡ್ ಎಲೆ. ಇಲ್ಲಿ ಅಡಕೆ, ಚಂದ್ರ, ಮಳೆ ಎಲೆಗಳು. ಈ ಮರದಲ್ಲಿ ಎಷ್ಟು ನೋಡ್‌ಗಳಿವೆ, ಮರದ ಎತ್ತರ ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಕೇಳೋಣ. ನಮಗೆ ಚಿತ್ರ ಒಂದೇ ನೋಟಕ್ಕೆ ಕಾಣುತ್ತದೆ. ಪ್ರೋಗ್ರಾಮಿಗೆ ಒಂದು ಸಲಕ್ಕೆ ಕಾಣುವುದು ಒಂದೇ ನೋಡ್, ಜೊತೆಗೆ ಅದರ ಎಡ ಬಲಕ್ಕೆ ಹೋಗುವ ಎರಡು ದಾರಿಗಳು. ಹಾಗಾಗಿ ಅದು ಎಣಿಕೆಯನ್ನು ತನ್ನ ಮಕ್ಕಳಿಗೇ ಒಪ್ಪಿಸುತ್ತದೆ: ಎಡಗಡೆಯವರು ಎಷ್ಟು, ಬಲಗಡೆಯವರು ಎಷ್ಟು ಎಂದು ಕೇಳಿ, ಎರಡನ್ನೂ ಕೂಡಿಸಿ, ತನ್ನದೊಂದನ್ನು ಸೇರಿಸಿ ಮೇಲಕ್ಕೆ ಹೇಳುತ್ತದೆ. ಫಂಕ್ಷನ್ ಹೀಗೆ ತನ್ನನ್ನೇ ಕರೆದುಕೊಳ್ಳುವುದು ರಿಕರ್ಶನ್. ಪೈಥಾನ್‌ನಲ್ಲಿ ಬರೆದರೆ:

```python
def count(t):
    if t is None:
        return 0
    return 1 + count(t.left) + count(t.right)
```

ಕೇಳುತ್ತಾ ಇಳಿದವರು ಎಲ್ಲಾದರೂ ನಿಲ್ಲಲೇಬೇಕು. ಆ ನಿಲುಗಡೆಯೇ ಬೇಸ್ ಕೇಸ್, ಮೇಲಿನ `if` ಸಾಲು. ಇಲ್ಲಿ `None` ಎಂದರೆ ಖಾಲಿ ಜಾಗ, ಮರವೇ ಇಲ್ಲದ ಮರ. ಅಲ್ಲಿ ನೋಡ್‌ಗಳು ಸೊನ್ನೆ.

ಕೆಳಗಿನಿಂದ ಲೆಕ್ಕ ಏರುವುದನ್ನು ನೋಡಿ. ಚಂದ್ರನ ಎರಡೂ ಕಡೆ ಖಾಲಿ, ಆದ್ದರಿಂದ ಅದು 1 ಎನ್ನುತ್ತದೆ. ಗಾಳಿಗೆ ಎಡದಿಂದ 0, ಬಲದಿಂದ 1 ಬಂತು, ತನ್ನದೊಂದು ಸೇರಿ 2. ಅಡಕೆ 1 ಎಂದಿತು, ಹಾಗಾಗಿ ಕಡಲು 1 + 1 + 2 = 4. ಮಳೆಯದು 1. ಕೊನೆಗೆ ನದಿ 1 + 4 + 1 = 6.

ಈಗ ಆ ಸೊನ್ನೆಯ ಜಾಗದಲ್ಲಿ 1 ಎಂದು ಬರೆದುಬಿಟ್ಟರೆ? ಉತ್ತರ 7 ಆಗಬಹುದು ಎಂದು ಅನ್ನಿಸುತ್ತದೆ. ಆಗುವುದು 13. ಆರು ನೋಡ್‌ಗಳಿಗೆ ಎರಡರಂತೆ ಹನ್ನೆರಡು ದಾರಿಗಳಿವೆ. ಬೇರನ್ನು ಬಿಟ್ಟು ಉಳಿದ ಐದು ನೋಡ್‌ಗಳು ಐದು ದಾರಿಗಳನ್ನು ತುಂಬಿವೆ. ಮಿಕ್ಕ ಏಳು ಖಾಲಿ. ಆ ಏಳೂ ತಲಾ ಒಂದೊಂದನ್ನು ಮೇಲಕ್ಕೆ ಕಳಿಸುತ್ತವೆ. ಮರದ ಆಕಾರ ಯಾವುದೇ ಇರಲಿ, n ನೋಡ್‌ಗಳಿದ್ದರೆ ಖಾಲಿ ದಾರಿಗಳು n + 1, ಹಾಗಾಗಿ ತಪ್ಪು ಉತ್ತರ ಯಾವಾಗಲೂ 2n + 1. ಎಣಿಕೆಯೊಂದು ಎರಡರಷ್ಟಕ್ಕಿಂತ ಸರಿಯಾಗಿ ಒಂದು ಹೆಚ್ಚು ಬಂದರೆ ಮೊದಲು ಬೇಸ್ ಕೇಸಿನ ಕಡೆ ಕಣ್ಣು ಹಾಯಿಸುವುದು ಒಳ್ಳೆಯದು.

ಎತ್ತರದ ಪ್ರಶ್ನೆಯಲ್ಲಿ ಸ್ವಾರಸ್ಯ ಇನ್ನೂ ಹೆಚ್ಚು. ಬೇರಿನಿಂದ ಅತ್ಯಂತ ದೂರದ ಎಲೆಗೆ ಇಳಿಯುವಾಗ ದಾಟುವ ಗೆರೆಗಳ ಸಂಖ್ಯೆಯೇ ಎತ್ತರ. ನಮ್ಮ ಮರದಲ್ಲಿ ನದಿಯಿಂದ ಕಡಲು, ಗಾಳಿ, ಆಮೇಲೆ ಚಂದ್ರ: ಮೂರು ಗೆರೆ. ಕೆಲವರು ಗೆರೆಗಳ ಬದಲು ದಾರಿಯಲ್ಲಿರುವ ನೋಡ್‌ಗಳನ್ನು ಎಣಿಸಿ ನಾಲ್ಕು ಎನ್ನುತ್ತಾರೆ. ಎರಡೂ ರೂಢಿಯಲ್ಲಿವೆ. ಕಾರ್ಮೆನ್ ಮತ್ತು ಸಂಗಡಿಗರು ಬರೆದ ಅಲ್ಗಾರಿದಂಗಳ ಹೆಸರಾಂತ ಪಠ್ಯಪುಸ್ತಕ ಗೆರೆಗಳನ್ನೇ ಎಣಿಸುತ್ತದೆ.

```python
def height(t):
    if t is None:
        return -1
    return 1 + max(height(t.left), height(t.right))
```

ಖಾಲಿ ಮರಕ್ಕೆ ಮೈನಸ್ ಒಂದು ಎತ್ತರ ಎಂದರೆ ಮೊದಲ ಸಲ ಓದುವವರಿಗೆ ಕಸಿವಿಸಿಯಾಗುತ್ತದೆ. ಆದರೆ ಎಲೆಯ ಮೇಲೆ ನಿಂತು ಲೆಕ್ಕ ಹಾಕಿ. ಎಲೆಯಿಂದ ಕೆಳಕ್ಕೆ ಗೆರೆಯೇ ಇಲ್ಲ, ಅದರ ಎತ್ತರ 0 ಆಗಲೇಬೇಕು. ಅದರ ಎರಡೂ ಮಗ್ಗುಲು ಖಾಲಿ. ಒಂದನ್ನು ಕೂಡಿಸಿದರೆ ಸೊನ್ನೆ ಬರಬೇಕಾದರೆ ಖಾಲಿಯ ಬೆಲೆ -1 ಅಲ್ಲದೆ ಬೇರೆ ಇರಲು ಸಾಧ್ಯವಿಲ್ಲ. ಅಲ್ಲಿ 0 ಎಂದು ಇಟ್ಟರೆ ಅದೇ ಕೋಡ್ ನೋಡ್‌ಗಳನ್ನು ಎಣಿಸಿ 4 ಎನ್ನುತ್ತದೆ. ಗೆರೆಯೋ ನೋಡೋ ಎಂಬುದನ್ನು ತೀರ್ಮಾನಿಸುವುದು `max` ಇರುವ ಸಾಲಲ್ಲ, ಅದರ ಮೇಲಿನ ಸಾಲು. ಇನ್ನೊಂದು ವ್ಯತ್ಯಾಸವನ್ನೂ ಗಮನಿಸಿ: ಬೇಸ್ ಕೇಸಿನಲ್ಲಿ ಒಂದು ಏರಿಸಿದ್ದಕ್ಕೆ ಎಣಿಕೆ ಏಳು ಹೆಚ್ಚಾಗಿತ್ತು, ಎತ್ತರ ಒಂದೇ ಹೆಚ್ಚಾಯಿತು. ಕೂಡುವಾಗ ಎಲ್ಲ ಖಾಲಿ ಜಾಗಗಳ ತಪ್ಪೂ ಒಟ್ಟಾಗುತ್ತದೆ. ದೊಡ್ಡದನ್ನು ಆರಿಸುವಾಗ ಒಂದೇ ದಾರಿಯ ತಪ್ಪು ಮೇಲಕ್ಕೆ ಬರುತ್ತದೆ.

ಮೈನಸ್ ಒಂದನ್ನು ತಪ್ಪಿಸಲು ಬಹಳ ಜನ ಎಲೆಯ ಹತ್ತಿರವೇ ನಿಲ್ಲಲು ನೋಡುತ್ತಾರೆ: ಎಡವೂ ಬಲವೂ ಖಾಲಿಯಾದರೆ 0 ಎನ್ನು, ಮುಗಿಯಿತು. ನಮ್ಮ ಮರದಲ್ಲಿ ಇದು ಗಾಳಿಯವರೆಗೆ ಸರಾಗವಾಗಿ ಬರುತ್ತದೆ. ಗಾಳಿ ಎಲೆಯಲ್ಲ, ಬಲಕ್ಕೆ ಚಂದ್ರ ಇದೆ. ಹಾಗಾಗಿ ಫಂಕ್ಷನ್ ಅದರ ಖಾಲಿ ಎಡಕ್ಕೆ ಇಳಿದು, ಇಲ್ಲದ ನೋಡಿನ ಮಕ್ಕಳನ್ನು ಕೇಳುತ್ತದೆ. ಪರದೆಯ ಮೇಲೆ ಬರುವುದು ಇದು:

```
AttributeError: 'NoneType' object has no attribute 'left'
```

ಪ್ರತಿ ನೋಡಿಗೂ ಇಬ್ಬರು ಮಕ್ಕಳು ಅಥವಾ ಯಾರೂ ಇಲ್ಲ ಎಂಬಂಥ ಮರದಲ್ಲಿ ಪರೀಕ್ಷಿಸಿದರೆ ಈ ತಪ್ಪು ಸಿಗುವುದೇ ಇಲ್ಲ. ಪುಸ್ತಕದ ಚಿತ್ರಗಳು ಹೆಚ್ಚಾಗಿ ಅಂಥ ಅಂದದ ಮರಗಳೇ ಆಗಿರುತ್ತವೆ. ಒಂಟಿ ಮಗು ಇರುವ ನೋಡನ್ನು ಪರೀಕ್ಷೆಯಲ್ಲಿ ಬೇಕೆಂದೇ ಇಡಬೇಕು.

ಈ ದೋಷ ಕಂಡಾಗ ಹಾಕುವ ತೇಪೆಯೇ ನಿಜವಾಗಿ ಅಪಾಯಕಾರಿ. ಎಲೆಗೆ 0 ಇರಲಿ, ಜೊತೆಗೆ ಖಾಲಿಗೂ 0 ಇರಲಿ ಎಂದು ಎರಡು ಬೇಸ್ ಕೇಸ್ ಬರೆಯುತ್ತಾರೆ. ಪ್ರೋಗ್ರಾಂ ನಿಲ್ಲುವುದಿಲ್ಲ. ಗಾಳಿಗೆ 1, ಕಡಲಿಗೆ 2, ನದಿಗೆ 3, ಎಲ್ಲವೂ ಸರಿ. ಒಂದಾದರೂ ನೋಡ್ ಇರುವ ಯಾವ ಮರ ಕೊಟ್ಟರೂ ಎತ್ತರ ತಪ್ಪುವುದಿಲ್ಲ. ತಪ್ಪಾಗಿರುವುದು ಒಂದೇ, ಖಾಲಿ ಮರದ ಎತ್ತರ. ಅದನ್ನು ಯಾರು ಕೇಳುತ್ತಾರೆ?

ಕೇಳುವವರಿದ್ದಾರೆ. 1962ರಲ್ಲಿ ಸೋವಿಯತ್ ಗಣಿತಜ್ಞರಾದ ಆಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ತಾನೇ ಸಮತೋಲ ಕಾಯ್ದುಕೊಳ್ಳುವ ಮರವೊಂದನ್ನು ಪ್ರಕಟಿಸಿದರು. ಅವರ ಹೆಸರುಗಳಿಂದಲೇ ಅದು ಎವಿಎಲ್ ಮರ. ಅದರಲ್ಲಿ ಯಾವುದೇ ನೋಡಿನ ಎಡ ಬಲಗಳ ಎತ್ತರದ ಅಂತರ ಒಂದನ್ನು ಮೀರುವಂತಿಲ್ಲ. ಮೀರಿದರೆ ಮರವನ್ನು ಅಲ್ಲಿ ತಿರುಗಿಸಿ ಸರಿಪಡಿಸಬೇಕು.

ಅಡಕೆ, ಕಡಲು, ಗಾಳಿ ಎಂದು ಮೂರು ಪದಗಳನ್ನು ನಿಘಂಟಿನ ಕ್ರಮದಲ್ಲೇ ಕೊಡಿ. ಅಡಕೆಯ ಬಲಕ್ಕೆ ಕಡಲು, ಕಡಲಿನ ಬಲಕ್ಕೆ ಗಾಳಿ, ಒಂದೇ ಕಡೆ ಇಳಿಬಿದ್ದ ಸರಪಳಿ. ಬೇರಿನ ಬಲಭಾಗದ ಎತ್ತರ 1. ಎಡಭಾಗ ಖಾಲಿ, ಅಂದರೆ -1. ಅಂತರ 2, ತಿರುಗಿಸಲೇಬೇಕು. ತಿರುಗಿಸಿದರೆ ಕಡಲು ಮೇಲೇರಿ ಅಡಕೆ ಎಡಕ್ಕೆ, ಗಾಳಿ ಬಲಕ್ಕೆ ಬರುತ್ತವೆ. ತೇಪೆ ಹಾಕಿದ ಕೋಡಿನಲ್ಲಿ ಖಾಲಿಯೂ 0 ಆದ್ದರಿಂದ ಅಂತರ 1 ಎಂದು ಕಾಣುತ್ತದೆ. ಮರ ಸಮವಾಗಿದೆ ಎಂದುಕೊಂಡು ಅದು ಸುಮ್ಮನಿರುತ್ತದೆ. ದೋಷದ ಸಂದೇಶವೂ ಇಲ್ಲ, ತಪ್ಪು ಪದ ಸಿಗುವುದೂ ಇಲ್ಲ.

ಎಲ್ಲ ಕಡೆ -1ನ್ನೇ ಬಳಸಿದರೂ, ಎಲ್ಲ ಕಡೆ ನೋಡ್‌ಗಳನ್ನೇ ಎಣಿಸಿ ಖಾಲಿಗೆ 0, ಎಲೆಗೆ 1 ಎಂದರೂ ಅಂತರ ಅದೇ 2 ಬರುತ್ತದೆ, ಏಕೆಂದರೆ ಎರಡೂ ಕಡೆ ಒಂದೊಂದು ಏರಿದರೆ ಕಳೆಯುವಾಗ ಅದು ಹೋಗಿಬಿಡುತ್ತದೆ. ಕೆಡುವುದು ಎಲೆಯನ್ನು ಒಂದು ಪದ್ಧತಿಯಲ್ಲಿ, ಖಾಲಿಯನ್ನು ಇನ್ನೊಂದರಲ್ಲಿ ಅಳೆದಾಗ. ಇದನ್ನು ಹಿಡಿಯಲು ದೊಡ್ಡ ಮರ ಬೇಡ. ಖಾಲಿ ಮರ ಮತ್ತು ಒಂದೇ ನೋಡಿನ ಮರ, ಇವೆರಡರ ಎತ್ತರವನ್ನು ಮುದ್ರಿಸಿ ನೋಡಿ. ಎರಡೂ ಒಂದೇ ಸಂಖ್ಯೆ ಬಂದರೆ ತೇಪೆ ಅಲ್ಲೇ ಇದೆ.