ಬಾಡಿಗೆ ಮೂಟೆಗೆ, ಬೆಲೆ ಕಿಲೋಗೆ

ರಾತ್ರಿ ಒಂದೂವರೆಗೆ ಊರ ಬಾಗಿಲಲ್ಲಿ ಟೆಂಪೊ ಹಾರನ್ ಹೊಡೆಯುತ್ತದೆ. ಮಾಗಡಿ ಕಡೆಯ ಹಳ್ಳಿಗಳಿಂದ ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಹುರುಳಿಕಾಯಿ ಹೋಗುವುದು ಹೀಗೆ, ನಾಲ್ಕೈದು ಮನೆಯವರ ಮೂಟೆಗಳು ಒಂದೇ ಗಾಡಿಯಲ್ಲಿ. ಮಂಡಿಯಲ್ಲಿ ಅದಲು ಬದಲಾಗದಿರಲೆಂದು ಮೂಟೆಯ ಮೇಲೆ ಹೆಸರಿನ ಮೊದಲಕ್ಷರ ಬರೆದಿರುತ್ತಾರೆ, ಇಲ್ಲವೇ ಬಾಯಿಗೆ ಕೆಂಪು ದಾರ ಕಟ್ಟಿರುತ್ತಾರೆ.

ನಿದ್ದೆಗೆಟ್ಟು ಹೋಗುವುದೇಕೆಂದರೆ, ತಳ್ಳುಗಾಡಿಯವರೂ ಅಂಗಡಿಯವರೂ ಬೆಳಕು ಹರಿಯುವ ಮುಂಚೆಯೇ ಬಂದು ಕೊಳ್ಳುತ್ತಾರೆ. ಅವರು ಹೊರಟ ಮೇಲೆ ಬಂದ ಮಾಲನ್ನು ಕೇಳುವವರು ಕಡಿಮೆ.

ಈ ವ್ಯವಹಾರದಲ್ಲಿ ಒಂದು ತಿರುವಿದೆ. ಟೆಂಪೊ ಬಾಡಿಗೆ, ಹಮಾಲಿ, ತೂಕದಲ್ಲಿ ಬಿಡುವ ಸೂಟು, ಎಲ್ಲವೂ ಮೂಟೆ ಲೆಕ್ಕ. ಕಾಯಿಯ ಬೆಲೆ ಮಾತ್ರ ಕಿಲೋ ಲೆಕ್ಕ. ಹಾಗಾಗಿ ಒಂದು ಮೂಟೆಗೆ ಇನ್ನೂ ಮೂರು ಕಿಲೋ ತುರುಕಿದರೆ ಲಾಭ ಎಂದು ಯಾರಿಗಾದರೂ ಅನ್ನಿಸುತ್ತದೆ. ತುರುಕುತ್ತಾರೆ ಕೂಡ, ಮೊಣಕಾಲಿಟ್ಟು ಒತ್ತಿ.

ಕೆಡುವುದು ಅಲ್ಲಿಯೇ. ಕಿತ್ತ ಮೇಲೂ ಕಾಯಿ ಉಸಿರಾಡುತ್ತದೆ, ಬಿಸಿ ಬಿಡುತ್ತದೆ. ಬಿಗಿಯಾಗಿ ತುಂಬಿದ ಮೂಟೆಯ ನಡುವೆ ಆ ಬಿಸಿಗೆ ದಾರಿಯಿಲ್ಲ. ಮಳೆಯಲ್ಲೋ ಇಬ್ಬನಿಯಲ್ಲೋ ಕಿತ್ತು ಒದ್ದೆಯಲ್ಲೇ ಕಟ್ಟಿದ್ದರೆ ಇನ್ನೂ ಬೇಗ ಕಾವು ಹಿಡಿಯುತ್ತದೆ. ಕೊಳ್ಳುವವನು ಮೇಲಿನ ಕಾಯಿ ನೋಡುವುದೇ ಇಲ್ಲ. ಮೊಣಕೈವರೆಗೆ ಕೈ ಇಳಿಸುತ್ತಾನೆ. ಬೆಚ್ಚಗಿದ್ದರೆ ಸಾಕು, ಮಾತಾಡದೆ ಪಕ್ಕದ ಮೂಟೆಗೆ ಹೋಗುತ್ತಾನೆ. ಸಂಜೆ ಕಿತ್ತು, ನೆರಳಲ್ಲಿ ಹರಡಿ ಆರಿಸಿ, ಸಡಿಲವಾಗಿ ತುಂಬಿದವನ ಮಾಲು ಮೊದಲು ಹೋಗುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. 45 ಕಿಲೋದ ಆರು ಮೂಟೆ ಎಂದರೆ 270 ಕಿಲೋ. ಮೂಟೆಗೆ ಒಂದು ಕಿಲೋ ಸೂಟು ಕಳೆದರೆ 264. ಕಿಲೋಗೆ 30 ರೂಪಾಯಿಯಂತೆ 7,920. ಕಮಿಷನ್ ನೂರಕ್ಕೆ ಹತ್ತರಂತೆ 792, ಹಮಾಲಿ 60, ಬಾಡಿಗೆ 300, ಕೀಳುವ ಕೂಲಿ 1,200 ಹೋದರೆ ಕೈಗೆ 5,568. ಬೆಲೆ ಎಂಟು ರೂಪಾಯಿಗೆ ಇಳಿದ ದಿನ ಬರುವುದು 2,112. ಕಮಿಷನ್ ಏನೋ 211ಕ್ಕೆ ಇಳಿಯುತ್ತದೆ. ಬಾಡಿಗೆ, ಹಮಾಲಿ, ಕೂಲಿ ಒಂದು ಪೈಸೆಯೂ ಇಳಿಯುವುದಿಲ್ಲ. ಉಳಿಯುವುದು 341. ಬೀಜ, ಗೊಬ್ಬರ, ಔಷಧಿಯ ಮಾತು ಇನ್ನೂ ಬಂದಿಲ್ಲ.

ಅಂದಹಾಗೆ ಆ ಕಮಿಷನ್ ರೈತ ಕೊಡಬೇಕಾದ್ದೇ ಅಲ್ಲ. ರಾಜ್ಯದ 1966ರ ಎಪಿಎಂಸಿ ಕಾಯ್ದೆಯಂತೆ ಅದನ್ನು ಕೊಳ್ಳುವವರಿಂದ ಪಡೆಯಬೇಕು. ಲೆಕ್ಕವನ್ನು ರಸೀದಿಯಲ್ಲಿ ಬರೆಯದೆ ಬಿಳಿ ಚೀಟಿಯಲ್ಲಿ ಗೀಚಿ ಕೊಡುವುದು ಇದಕ್ಕೇ. ಚೀಟಿ ಹಿಡಿದು ಎಲ್ಲಿ ಹೋಗಿ ಕೇಳುವುದು?

ಎಲ್ಲ ರೈತರೂ ಜೊತೆಗೆ ಹೋಗುವುದಿಲ್ಲ. ಡ್ರೈವರನ ಕೈಲಿ ಮಾಲು ಕಳಿಸಿ ಮಲಗುವವರೂ ಇದ್ದಾರೆ. ಅವರ ಮನೆ ಮುಂದೆ ಹನ್ನೊಂದರ ಹೊತ್ತಿಗೆ ಟೆಂಪೊ ನಿಲ್ಲುತ್ತದೆ. ಡ್ರೈವರ್ ಇಳಿಯದೆ, ಸುತ್ತಿದ ಖಾಲಿ ಚೀಲಗಳನ್ನು ಜಗಲಿಗೆ ಎಸೆಯುತ್ತಾನೆ. ಚೀಟಿ, ದುಡ್ಡು ಎರಡೂ ಅವುಗಳ ಒಳಗೆ.